ದಾಳ ಹಾಕಿ ಕಟ್ಟಿದ ಮರದಲ್ಲಿ ಹುಡುಕಿದರೆ ಉತ್ತರ ತಪ್ಪುತ್ತದೆಯೇ? 'ಟ್ರೀಪ್' ಕೆಲಸ ಮಾಡುವ ಬಗೆ

ಕಂಪ್ಯೂಟರ್ ಎಂದರೆ ಕರಾರುವಾಕ್ಕಾದ ಯಂತ್ರ, ಅದೃಷ್ಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಂಬಿರುವವರು ಬಹಳ ಮಂದಿ. ಹಾಗಾಗಿ ಯಾವುದೋ ತಂತ್ರಾಂಶ ಒಳಗೊಳಗೇ ದಾಳ ಉರುಳಿಸುತ್ತದೆ ಎಂದು ಕೇಳಿದ ಕೂಡಲೇ ಅನುಮಾನ ಶುರುವಾಗುತ್ತದೆ. ದಾಳ ಒಂದೊಂದು ಸಲ ಒಂದೊಂದು ಬಗೆಯಲ್ಲಿ ಬೀಳುತ್ತದೆಯಲ್ಲ, ಹಾಗಾದರೆ ಉತ್ತರವೂ ಒಂದೊಂದು ಸಲ ಒಂದೊಂದು ಥರ ಬರಬೇಡವೇ?

ಬರಬೇಕಿಲ್ಲ. ದಾಳ ಹಾಕಿಯೂ ಪ್ರತಿಸಲ ಸರಿಯುತ್ತರವನ್ನೇ ಕೊಡುವ, ಅಷ್ಟೇ ಅಲ್ಲ, ದಾಳ ಹಾಕುವುದರಿಂದಲೇ ವೇಗ ಉಳಿಸಿಕೊಳ್ಳುವ ವ್ಯವಸ್ಥೆಗಳಿವೆ. ಅವುಗಳಲ್ಲಿ ಅರ್ಥಮಾಡಿಕೊಳ್ಳಲು ಸುಲಭವಾದದ್ದು ಟ್ರೀಪ್. ಟ್ರೀ ಎಂದರೆ ಮರ, ಹೀಪ್ ಎಂದರೆ ರಾಶಿ. ಎರಡನ್ನೂ ಸೇರಿಸಿ ಮಾಡಿದ ಹೆಸರು ಇದು. ಸೆಸಿಲಿಯಾ ಅರಾಗಾನ್ ಮತ್ತು ರೈಮುಂಡ್ ಸೈಡೆಲ್ ಎಂಬ ಇಬ್ಬರು ಸಂಶೋಧಕರು ಇದನ್ನು 1989ರಲ್ಲಿ ಮಂಡಿಸಿದರು. (ಅರಾಗಾನ್ ಆಕಾಶದಲ್ಲಿ ವಿಮಾನವನ್ನು ಪಲ್ಟಿ ಹೊಡೆಸುವ ಸ್ಪರ್ಧೆಗಳಲ್ಲಿ ಅಮೆರಿಕದ ತಂಡಕ್ಕೆ ಆಯ್ಕೆಯಾದ ಪೈಲಟ್ ಕೂಡ ಹೌದು. ಟ್ರೀಪ್‌ನಲ್ಲೂ ಪಲ್ಟಿಗಳಿವೆ, ಮುಂದೆ ನೋಡೋಣ.)

ಮೊದಲು ಮಾಮೂಲಿ ಮರ

ಏಳು ಹೆಸರುಗಳನ್ನು ತೆಗೆದುಕೊಳ್ಳಿ: ಅನಿತಾ, ಉಮೇಶ, ಗಿರೀಶ, ದೀಪಾ, ಮಂಜುನಾಥ, ರೇಖಾ, ಸುನೀಲ. ಕನ್ನಡ ನಿಘಂಟಿನ ಅಕಾರಾದಿ ಕ್ರಮದಲ್ಲೇ ಬರೆದಿದ್ದೇನೆ.

ಇವನ್ನು ಬೇಗ ಹುಡುಕುವಂತೆ ಇಡಲು ಕಂಪ್ಯೂಟರಿನವರು ಬಳಸುವ ಹಳೆಯ ಉಪಾಯ 'ಹುಡುಕು ಮರ'. ಒಂದು ಹೆಸರನ್ನು ಮೇಲೆ ಇಡುವುದು. ಅಕಾರಾದಿಯಲ್ಲಿ ಅದಕ್ಕಿಂತ ಮೊದಲು ಬರುವ ಹೆಸರುಗಳೆಲ್ಲ ಅದರ ಎಡಗಡೆ ಕೆಳಗೆ, ನಂತರ ಬರುವವೆಲ್ಲ ಬಲಗಡೆ ಕೆಳಗೆ. ಕೆಳಗಿನ ಪ್ರತಿಯೊಂದು ಹೆಸರಿಗೂ ಇದೇ ನಿಯಮ. ಬೇರು ಮೇಲೆ, ಕೊಂಬೆಗಳು ಕೆಳಗೆ: ಕಂಪ್ಯೂಟರಿನವರ ಮರ ಯಾವತ್ತೂ ತಲೆಕೆಳಗು. ಹುಡುಕುವಾಗ ಬೇರಿನಿಂದ ಶುರುಮಾಡಿ, "ನನಗೆ ಬೇಕಾದ ಹೆಸರು ಇದಕ್ಕಿಂತ ಮೊದಲೋ, ನಂತರವೋ?" ಎಂದು ಕೇಳಿಕೊಳ್ಳುತ್ತ ಎಡಕ್ಕೋ ಬಲಕ್ಕೋ ಇಳಿದರಾಯಿತು. ಮರ ಎರಡೂ ಕಡೆ ಸಮವಾಗಿ ಹರಡಿದ್ದರೆ ಪ್ರತಿ ಪ್ರಶ್ನೆಗೂ ಉಳಿದ ಹೆಸರುಗಳಲ್ಲಿ ಅರ್ಧ ಪಕ್ಕಕ್ಕೆ ಸರಿಯುತ್ತವೆ. ಹತ್ತು ಲಕ್ಷ ಹೆಸರಿದ್ದರೂ 20 ಪ್ರಶ್ನೆಗಳಲ್ಲಿ ಕೆಲಸ ಮುಗಿಯುತ್ತದೆ.

ತೊಂದರೆ ಇರುವುದು 'ಸಮವಾಗಿ ಹರಡಿದ್ದರೆ' ಎಂಬ ಮಾತಿನಲ್ಲಿ. ಹೊಸ ಹೆಸರು ಬಂದಾಗ ಅದನ್ನು ಮರದ ತುದಿಯಲ್ಲಿ ಸರಿಯಾದ ಜಾಗ ಹುಡುಕಿ ಅಂಟಿಸುತ್ತಾರೆ. ಹೆಸರುಗಳು ಅಕಾರಾದಿಯಲ್ಲೇ ಬಂದವು ಎಂದುಕೊಳ್ಳಿ. ಅನಿತಾ ಬೇರಾಗುತ್ತಾಳೆ. ಉಮೇಶ ಅವಳ ಬಲಕ್ಕೆ, ಗಿರೀಶ ಉಮೇಶನ ಬಲಕ್ಕೆ, ದೀಪಾ ಗಿರೀಶನ ಬಲಕ್ಕೆ. ಕೊನೆಗೆ ಸಿಗುವುದು ಮರವಲ್ಲ, ಉದ್ದನೆಯ ಸರಪಳಿ. ಸುನೀಲನನ್ನು ಹುಡುಕಲು ಏಳೂ ಜನರನ್ನು ದಾಟಬೇಕು. ಹತ್ತು ಲಕ್ಷ ಹೆಸರುಗಳು ಹೀಗೆ ಸಾಲಾಗಿ ಬಂದರೆ ಒಂದು ಹೆಸರು ಹುಡುಕಲು ಸರಾಸರಿ ಐದು ಲಕ್ಷ ಪ್ರಶ್ನೆ.

ಇದು ಅಪರೂಪದ ಸಂಗತಿ ಎಂದು ತಿಳಿಯಬೇಡಿ. ಮಾಹಿತಿ ಸಾಲಾಗಿ ಬರುವುದೇ ಹೆಚ್ಚು. ಹಾಜರಿ ಪುಸ್ತಕದ ಕ್ರಮಸಂಖ್ಯೆ, ಬಿಲ್ ನಂಬರ್, ದಿನಾಂಕ, ಇನ್ನೊಂದು ಕಡೆಯಿಂದ ತಂದ ವಿಂಗಡಿಸಿದ ಪಟ್ಟಿ ಎಲ್ಲವೂ ಹೀಗೆಯೇ ಬರುತ್ತವೆ.

ಇದಕ್ಕೆ ಪರಿಹಾರ 1962ರಷ್ಟು ಹಿಂದೆಯೇ ಸಿಕ್ಕಿತ್ತು. ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ ಎಂಬ ಸೋವಿಯತ್ ಗಣಿತಜ್ಞರು, ಪ್ರತಿ ಸಲ ಹೆಸರು ಸೇರಿಸಿದಾಗಲೂ ಎಡಬಲಗಳ ಎತ್ತರ ಹೋಲಿಸಿ, ವಾಲಿದ್ದರೆ ನೆಟ್ಟಗೆ ಮಾಡುವ ವಿಧಾನ ಕೊಟ್ಟರು. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಎಲ್ಲ ಕಡೆ ಎತ್ತರದ ಲೆಕ್ಕ ಇಡಬೇಕು, ಎಡಕ್ಕೆ ವಾಲಿದರೆ ಒಂದು ಬಗೆ, ಬಲಕ್ಕೆ ವಾಲಿ ಒಳಗೆ ಎಡಕ್ಕೆ ತಿರುಗಿದ್ದರೆ ಇನ್ನೊಂದು ಬಗೆ ಎಂದು ನಾಲ್ಕಾರು ಸಂದರ್ಭಗಳನ್ನು ಬೇರೆ ಬೇರೆಯಾಗಿ ನಿಭಾಯಿಸಬೇಕು. ಕೋಡ್ ಬರೆಯುವವರು ಎಡವುವುದು ಇಲ್ಲಿಯೇ.

ಪ್ರತಿ ಹೆಸರಿಗೂ ಒಂದು ಟೋಕನ್

ಟ್ರೀಪ್ ಎತ್ತರದ ಲೆಕ್ಕವನ್ನೇ ಇಡುವುದಿಲ್ಲ. ಹೆಸರು ಒಳಗೆ ಬರುವಾಗ ಅದರ ಕೈಗೆ ಒಂದು ಟೋಕನ್ ಕೊಡುತ್ತದೆ. ಬ್ಯಾಂಕಿನಲ್ಲಿ ಕೊಡುವಂತೆ ಬಂದ ಕ್ರಮದಲ್ಲಲ್ಲ, ಲಾಟರಿ ಎತ್ತಿದಂತೆ, ಯಾವ ಸಂಖ್ಯೆ ಬೇಕಾದರೂ ಬರಬಹುದು. ಒಮ್ಮೆ ಕೊಟ್ಟ ಟೋಕನ್ ಬದಲಾಗುವುದಿಲ್ಲ. ಇನ್ನು ಮರ ಎರಡು ನಿಯಮಗಳನ್ನು ಒಟ್ಟಿಗೆ ಪಾಲಿಸಬೇಕು. ಅಡ್ಡಡ್ಡಲಾಗಿ ನೋಡಿದರೆ ಹೆಸರುಗಳು ಅಕಾರಾದಿಯಲ್ಲೇ ಇರಬೇಕು, ಇದು ಹುಡುಕು ಮರದ ಹಳೆಯ ನಿಯಮ. ಮೇಲಿಂದ ಕೆಳಗೆ ನೋಡಿದರೆ ಟೋಕನ್ ದೊಡ್ಡದಾಗುತ್ತ ಹೋಗಬೇಕು, ಎಂದರೆ ಯಾರ ಟೋಕನ್ ಚಿಕ್ಕದೋ ಅವರು ಮೇಲೆ. ಈ ಎರಡನೆಯದೇ 'ಹೀಪ್' ನಿಯಮ.

ನಮ್ಮ ಏಳು ಜನ ಈ ಸಲವೂ ಅದೇ ಕೆಟ್ಟ ಕ್ರಮದಲ್ಲಿ, ಅಕಾರಾದಿಯಲ್ಲೇ ಬರಲಿ. ಲಾಟರಿಯಲ್ಲಿ ಸಿಕ್ಕ ಟೋಕನ್‌ಗಳು: ಅನಿತಾ 58, ಉಮೇಶ 23, ಗಿರೀಶ 71, ದೀಪಾ 12, ಮಂಜುನಾಥ 64, ರೇಖಾ 35, ಸುನೀಲ 30.

ಅನಿತಾ ಬಂದು ಬೇರಾದಳು. ಉಮೇಶ ಅವಳ ಬಲಕ್ಕೆ ಬಂದ. ಆದರೆ ಅವನ ಟೋಕನ್ 23, ಅವಳದು 58. ಚಿಕ್ಕ ಟೋಕನ್ ಕೆಳಗಿರುವಂತಿಲ್ಲ. ಆದ್ದರಿಂದ ಒಂದು ಪಲ್ಟಿ: ಉಮೇಶ ಮೇಲೆ ಬರುತ್ತಾನೆ, ಅನಿತಾ ಅವನ ಎಡಕ್ಕೆ ಇಳಿಯುತ್ತಾಳೆ. ಅಕಾರಾದಿ ಕೆಡಲಿಲ್ಲ ಎಂಬುದನ್ನು ಗಮನಿಸಿ. ಅನಿತಾ ಈಗಲೂ ಉಮೇಶನ ಎಡಗಡೆಯೇ ಇದ್ದಾಳೆ. ಇಬ್ಬರಲ್ಲಿ ಯಾರು ಮೇಲೆ ಎಂಬುದಷ್ಟೇ ಬದಲಾಯಿತು.

ಗಿರೀಶ (71) ಉಮೇಶನ ಬಲಕ್ಕೆ ಬಂದು ಸುಮ್ಮನೆ ಕೂತ. ಅವನದು ದೊಡ್ಡ ಟೋಕನ್. ಆಮೇಲೆ ಬಂದವಳು ದೀಪಾ, ಕೈಯಲ್ಲಿ 12. ಮೊದಲು ಗಿರೀಶನ ಬಲಕ್ಕೆ ಅಂಟಿಕೊಂಡಳು. 71ಕ್ಕಿಂತ 12 ಚಿಕ್ಕದು, ಒಂದು ಪಲ್ಟಿ, ಗಿರೀಶ ಅವಳ ಎಡಕ್ಕೆ ಇಳಿದ. ಈಗ ಅವಳ ಮೇಲಿರುವುದು ಉಮೇಶ, ಅವನ ಟೋಕನ್ 23. ಇನ್ನೊಂದು ಪಲ್ಟಿ. ದೀಪಾ ಬೇರಾದಳು, ಉಮೇಶ ಅವಳ ಎಡಕ್ಕೆ ಇಳಿದ. ಆದರೆ ದೀಪಾಳ ಎಡಗಡೆ ಮೊದಲೇ ಗಿರೀಶ ಇದ್ದನಲ್ಲ, ಅವನೇನಾದ? ಅವನು ಅಕಾರಾದಿಯಲ್ಲಿ ಉಮೇಶನಿಗೂ ದೀಪಾಳಿಗೂ ನಡುವಿನವನು. ಹಾಗಾಗಿ ಉಮೇಶನ ಬಲಗಡೆ ಖಾಲಿಯಾದ ಜಾಗ ಅವನಿಗೆ ಸರಿಯಾಗಿ ಹೊಂದುತ್ತದೆ. ಪಲ್ಟಿಯ ಸೂಕ್ಷ್ಮ ಇಷ್ಟೇ, ನಡುವೆ ಸಿಕ್ಕಿಕೊಂಡವರು ಒಬ್ಬರ ಕೈ ಬಿಟ್ಟು ಇನ್ನೊಬ್ಬರ ಕೈ ಹಿಡಿಯುತ್ತಾರೆ.

ಮಂಜುನಾಥ (64) ದೀಪಾಳ ಬಲಕ್ಕೆ. ರೇಖಾ (35) ಬಂದು ಅವನನ್ನು ಕೆಳಗಿಳಿಸಿದಳು. ಸುನೀಲ (30) ಬಂದು ರೇಖಾಳನ್ನು ಕೆಳಗಿಳಿಸಿದ, ದೀಪಾಳ ಮುಂದೆ ಮಾತ್ರ ನಿಂತುಬಿಟ್ಟ. ಕೊನೆಗೆ ಉಳಿದ ಮರ ಹೀಗಿದೆ:

```
ದೀಪಾ 12
  ಎಡ: ಉಮೇಶ 23
    ಎಡ: ಅನಿತಾ 58
    ಬಲ: ಗಿರೀಶ 71
  ಬಲ: ಸುನೀಲ 30
    ಎಡ: ರೇಖಾ 35
      ಎಡ: ಮಂಜುನಾಥ 64
```

ಇದೇನೂ ಅಚ್ಚುಕಟ್ಟಾದ ಮರವಲ್ಲ. ಬಲಗಡೆ ಸ್ವಲ್ಪ ಉದ್ದವಾಗಿದೆ. ಆದರೂ ಏಳು ಮೆಟ್ಟಿಲಿದ್ದ ಸರಪಳಿ ನಾಲ್ಕು ಮೆಟ್ಟಿಲಿಗೆ ಇಳಿದಿದೆ, ಅದೂ ಹೆಸರುಗಳು ಅತ್ಯಂತ ಕೆಟ್ಟ ಕ್ರಮದಲ್ಲಿ ಬಂದಾಗ. ಯಾರೂ ಎಲ್ಲಿಯೂ ಎತ್ತರ ಅಳೆಯಲಿಲ್ಲ.

ಬಂದ ಕ್ರಮಕ್ಕೆ ಬೆಲೆಯೇ ಇಲ್ಲ

ನನಗೆ ಟ್ರೀಪ್‌ನಲ್ಲಿ ಅತಿ ಸೊಗಸಾಗಿ ಕಾಣುವುದು ಈ ಭಾಗ. ಅದೇ ಏಳು ಜನ, ಅದೇ ಟೋಕನ್‌ಗಳು, ಆದರೆ ಹಿಂದುಮುಂದಾಗಿ ಬರಲಿ. ಸುನೀಲ ಮೊದಲು, ಅನಿತಾ ಕೊನೆಗೆ. ಆಗ ಸಿಗುವ ಮರ ಯಾವುದು? ಇದೇ ಮರ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕಾರಣ ಸರಳ. ಅತಿ ಚಿಕ್ಕ ಟೋಕನ್ ಇರುವವರು ಬೇರಾಗಲೇಬೇಕು, ಅದು ದೀಪಾ. ಅವಳಿಗಿಂತ ಮೊದಲಿನ ಮೂವರು ಎಡಕ್ಕೇ ಹೋಗಬೇಕು, ನಂತರದ ಮೂವರು ಬಲಕ್ಕೇ. ಎಡಗಡೆಯ ಮೂವರಲ್ಲಿ ಚಿಕ್ಕ ಟೋಕನ್ ಉಮೇಶನದು, ಆ ಗುಂಪಿನ ಮೇಲೆ ಅವನೇ. ಹೀಗೆ ಎರಡು ನಿಯಮಗಳೂ ಸೇರಿದರೆ ಬೇರೆ ದಾರಿಯೇ ಉಳಿಯುವುದಿಲ್ಲ. ಟೋಕನ್‌ಗಳು ಒಂದಕ್ಕೊಂದು ಬೇರೆಯಾಗಿದ್ದರೆ ಮರದ ಆಕಾರ ಒಂದೇ ಒಂದು. ಟೋಕನ್ ಇಲ್ಲದ ಮಾಮೂಲಿ ಮರಕ್ಕೆ ಈ ಜನರನ್ನು ದೀಪಾ, ಉಮೇಶ, ಸುನೀಲ, ರೇಖಾ, ಅನಿತಾ, ಮಂಜುನಾಥ, ಗಿರೀಶ ಎಂಬ ಕ್ರಮದಲ್ಲಿ, ಎಂದರೆ ಟೋಕನ್ ಕ್ರಮದಲ್ಲಿ, ಸೇರಿಸಿದರೂ ಇದೇ ಆಕಾರ ಬರುತ್ತದೆ. ಕಾಗದದ ಮೇಲೆ ಮಾಡಿ ನೋಡಿ, ಎರಡು ನಿಮಿಷದ ಕೆಲಸ.

ಅಂದರೆ ಹೆಸರುಗಳು ಸಾಲಾಗಿಯೇ ಬಂದಿರಲಿ, ಮರ ಮಾತ್ರ ಅವು ಚೀಟಿ ಎತ್ತಿದ ಕ್ರಮದಲ್ಲಿ ಬಂದವೋ ಎಂಬಂತೆ ಬೆಳೆಯುತ್ತದೆ. ಚೀಟಿ ಎತ್ತಿದ ಕ್ರಮ ಸರಪಳಿಯಂತಾಗುವುದು ಸಾಧ್ಯವಿದೆ, ಆದರೆ ಏಳೂ ಟೋಕನ್‌ಗಳು ಅಕಾರಾದಿಯಲ್ಲೇ ಏರುತ್ತ ಹೋಗುವ ಸಾಧ್ಯತೆ 5,040ರಲ್ಲಿ ಒಂದು. ಜನ ಹೆಚ್ಚಿದಂತೆ ಅದು ನಂಬಲಾರದಷ್ಟು ಚಿಕ್ಕದಾಗುತ್ತದೆ.

ಹುಡುಕಾಟಕ್ಕೆ ಎಷ್ಟು ಪ್ರಶ್ನೆ ಬೇಕು ಎಂಬುದನ್ನೂ ಇದರಿಂದಲೇ ಲೆಕ್ಕ ಹಾಕಬಹುದು. ದೀಪಾಳನ್ನು ಹುಡುಕುತ್ತ ಇಳಿಯುವಾಗ ದಾರಿಯಲ್ಲಿ ಅನಿತಾ ಎದುರಾಗಬೇಕಾದರೆ, ಅನಿತಾಳಿಂದ ದೀಪಾವರೆಗಿನ ನಾಲ್ವರಲ್ಲಿ ಅನಿತಾಳ ಟೋಕನ್ನೇ ಅತಿ ಚಿಕ್ಕದಾಗಿರಬೇಕು. ನಾಲ್ವರಿಗೂ ಸಮಾನ ಅವಕಾಶ, ಆದ್ದರಿಂದ ಸಾಧ್ಯತೆ ನಾಲ್ಕರಲ್ಲಿ ಒಂದು. ಪಕ್ಕದಲ್ಲೇ ಇರುವ ಗಿರೀಶ ಎದುರಾಗುವ ಸಾಧ್ಯತೆ ಎರಡರಲ್ಲಿ ಒಂದು. ಸಾವಿರ ಹೆಸರು ಆಚೆ ಇರುವವರು ಎದುರಾಗುವ ಸಾಧ್ಯತೆ 1,001ರಲ್ಲಿ ಒಂದು. ದೂರದವರು ದಾರಿಗೆ ಅಡ್ಡ ಬರುವುದು ತೀರಾ ಅಪರೂಪ. ಇವನ್ನೆಲ್ಲ ಕೂಡಿದರೆ ಹತ್ತು ಲಕ್ಷ ಹೆಸರುಗಳ ಟ್ರೀಪ್‌ನಲ್ಲಿ ನಡುವಿನ ಒಂದು ಹೆಸರಿಗೆ ಸರಾಸರಿ 26 ಪ್ರಶ್ನೆ, ಅಕಾರಾದಿಯ ಮೊದಲ ಅಥವಾ ಕೊನೆಯ ಹೆಸರಿಗೆ ಸುಮಾರು 14. ಇಡೀ ಮರದ ಅತಿ ಆಳದ ತುದಿ ಸಾಮಾನ್ಯವಾಗಿ 50ರ ಆಸುಪಾಸು. ಅಚ್ಚುಕಟ್ಟು ಮರದ 20ಕ್ಕೆ ಹೋಲಿಸಿದರೆ ಇದು ಹೆಚ್ಚೇ, ಆದರೆ ಸರಪಳಿಯ ಐದು ಲಕ್ಷದ ಮುಂದೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೆಸರು ಸೇರಿಸುವಾಗ ಆಗುವ ಪಲ್ಟಿಗಳು ಸರಾಸರಿ ಎರಡಕ್ಕಿಂತಲೂ ಕಡಿಮೆ. ತೆಗೆಯುವಾಗಲೂ ಅಷ್ಟೇ. ಬೇಡವಾದ ಹೆಸರನ್ನು ಪಲ್ಟಿ ಹೊಡೆಸುತ್ತ ತುದಿಗೆ ಇಳಿಸಿ ಕಿತ್ತುಹಾಕುತ್ತಾರೆ. ಹೆಚ್ಚಿನ ಹೆಸರುಗಳು ತುದಿಯ ಹತ್ತಿರವೇ ಇರುವುದರಿಂದ ಕೆಲಸ ಬೇಗ ಮುಗಿಯುತ್ತದೆ.

ಮೊದಲಿನ ಪ್ರಶ್ನೆಗೆ ಉತ್ತರವೂ ಇಲ್ಲಿದೆ. ದಾಳ ನಿರ್ಧರಿಸಿದ್ದು ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ಮಾತ್ರ. ಯಾರು ಎಡಕ್ಕೆ, ಯಾರು ಬಲಕ್ಕೆ ಎಂಬುದರ ಮೇಲೆ ಅದಕ್ಕೆ ಅಧಿಕಾರವಿಲ್ಲ. ಟೋಕನ್‌ಗಳು ಎಷ್ಟೇ ಕೆಟ್ಟದಾಗಿ ಬಿದ್ದರೂ ಇರುವ ಹೆಸರು ಸಿಕ್ಕೇ ಸಿಗುತ್ತದೆ, ಇಲ್ಲದ ಹೆಸರು ಸಿಗುವುದಿಲ್ಲ. ಹೆಚ್ಚುಕಮ್ಮಿಯಾಗುವುದು ಸಮಯ ಮಾತ್ರ. ಉತ್ತರ ಖಚಿತ, ಸಮಯ ಅದೃಷ್ಟದ್ದು ಎನ್ನುವ ಇಂಥ ವಿಧಾನಗಳಿಗೆ ಜೂಜಿನ ಊರಾದ ಲಾಸ್ ವೇಗಸ್‌ನ ಹೆಸರಿಟ್ಟಿದ್ದಾರೆ. ಸಮಯ ಖಚಿತವಾಗಿದ್ದು ಉತ್ತರ ಮಾತ್ರ ಒಮ್ಮೊಮ್ಮೆ ತಪ್ಪಬಹುದಾದ ವಿಧಾನಗಳೂ ಇವೆ, ಅವಕ್ಕೆ ಇನ್ನೊಂದು ಜೂಜಿನ ಊರು ಮಾಂಟೆ ಕಾರ್ಲೊ ಹೆಸರು. ಜನರ ಅನುಮಾನ ಹುಟ್ಟುವುದು ಈ ಎರಡನ್ನೂ ಒಂದೇ ಎಂದುಕೊಳ್ಳುವುದರಿಂದ.

ದಾಳ ಬೇಕಾಗುವುದು ಕಿಡಿಗೇಡಿಗಳಿಗಾಗಿ

ಕೆಟ್ಟ ಕ್ರಮ ಆಕಸ್ಮಿಕವಾಗಿ ಬರುವುದು ಒಂದು, ಯಾರೋ ಬೇಕೆಂದೇ ಕಳಿಸುವುದು ಇನ್ನೊಂದು. 2003ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸ್ಕಾಟ್ ಕ್ರಾಸ್ಬಿ ಮತ್ತು ಡಾನ್ ವಾಲಾಕ್ ಎರಡನೆಯದನ್ನು ಮಾಡಿ ತೋರಿಸಿದರು. ಮಾಹಿತಿ ಜೋಡಿಸಿಡುವ ವಿಧಾನ ಗೊತ್ತಿದ್ದರೆ, ಅದಕ್ಕೆ ಅತ್ಯಂತ ಕಷ್ಟವಾಗುವಂಥ ಮಾಹಿತಿಯನ್ನೇ ಆರಿಸಿ ಕಳಿಸಿ ಸರ್ವರನ್ನು ಮಂಡಿಯೂರಿಸಬಹುದು ಎಂಬುದು ಅವರ ವಾದ. ಅವರು ಆರಿಸಿಕೊಂಡ ಗುರಿಗಳಲ್ಲಿ ಒಂದು, ಜಾಲದ ಮೇಲಿನ ದಾಳಿಗಳನ್ನು ಪತ್ತೆಹಚ್ಚುವ 'ಬ್ರೋ' ಎಂಬ ತಂತ್ರಾಂಶ. ಹಳೆಯ ಡಯಲಪ್ ಮೋಡೆಮ್‌ಗಿಂತಲೂ ಕಡಿಮೆ ವೇಗದಲ್ಲಿ, ಎಚ್ಚರಿಕೆಯಿಂದ ಆರಿಸಿದ ಮಾಹಿತಿಯನ್ನು ಆರು ನಿಮಿಷ ಕಳಿಸಿದ್ದಕ್ಕೆ ಅದು ತನ್ನ ಮೂಲಕ ಹಾದುಹೋಗುವ ಸಂಚಾರದಲ್ಲಿ ಶೇ. 71ರಷ್ಟನ್ನು ನೋಡದೆ ಕೈಬಿಡತೊಡಗಿತು. ಅಲ್ಲಿ ಕುಸಿದದ್ದು ಮರವಲ್ಲ, ಹ್ಯಾಶ್ ಟೇಬಲ್ ಎಂಬ ಬೇರೆ ಜೋಡಣೆ. ಆದರೆ ಕುಸಿದ ಬಗೆ ಅದೇ: ಚೆನ್ನಾಗಿ ಹರಡಿರಬೇಕಾದದ್ದು ಸರಪಳಿಯಾಯಿತು. ಟೋಕನ್ ಇಲ್ಲದ, ಸಮತೋಲನ ನೋಡಿಕೊಳ್ಳದ ಹುಡುಕು ಮರವನ್ನು ಕೆಡಿಸಲು ಇಷ್ಟು ಜಾಣತನವೂ ಬೇಡ, ಸಾಲಾಗಿ ಕಳಿಸಿದರೆ ಸಾಕು.

ಟ್ರೀಪ್‌ಗೆ ಯಾವ ಕ್ರಮದಲ್ಲಿ ಕಳಿಸಿದರೂ ಒಂದೇ, ಏಕೆಂದರೆ ಟೋಕನ್ ಕೊಡುವವರು ಒಳಗಿದ್ದಾರೆ. ಕಳಿಸುವವನಿಗೆ ಟೋಕನ್ ಗೊತ್ತಾಗಬಾರದು ಎಂಬುದೇ ಇಲ್ಲಿನ ಷರತ್ತು. ಈ ಷರತ್ತು ಮುರಿದರೆ ಟ್ರೀಪ್ ಕೂಡ ಕುಸಿಯುತ್ತದೆ. ಕಂಪ್ಯೂಟರಿನ ದಾಳ ನಿಜವಾದ ದಾಳವಲ್ಲ, ಒಂದು ಆರಂಭದ ಸಂಖ್ಯೆಯಿಂದ ಸೂತ್ರ ಬಳಸಿ ಮುಂದಿನ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ಪ್ರತಿಸಲ ಒಂದೇ ಆರಂಭದ ಸಂಖ್ಯೆ ಇಟ್ಟರೆ ಟೋಕನ್‌ಗಳೂ ಪ್ರತಿಸಲ ಒಂದೇ ಸಾಲಿನಲ್ಲಿ ಬರುತ್ತವೆ. ಅದನ್ನು ತಿಳಿದವನು ಮೊದಲ ಟೋಕನ್ ಎಷ್ಟು, ಎರಡನೆಯದು ಎಷ್ಟು ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕಿ, ಚಿಕ್ಕ ಟೋಕನ್ ಬರುವ ಹೊತ್ತಿಗೆ 'ಅ'ದಿಂದ ಶುರುವಾಗುವ ಹೆಸರು, ದೊಡ್ಡದು ಬರುವ ಹೊತ್ತಿಗೆ 'ಹ'ದ ಹೆಸರು ಕಳಿಸಿ ಮತ್ತೆ ಸರಪಳಿ ಕಟ್ಟಬಲ್ಲ.

ಇನ್ನೊಂದು ದೋಷ ಯಾವ ಕಿಡಿಗೇಡಿಯೂ ಇಲ್ಲದೆ ಬರುತ್ತದೆ. ಬರೆಯುವವರು ಟೋಕನ್‌ಗೆ 0ಯಿಂದ 9ರವರೆಗಿನ ಸಂಖ್ಯೆ ಸಾಕು ಎಂದುಕೊಂಡರು ಅನ್ನಿ. ಹತ್ತು ಲಕ್ಷ ಹೆಸರುಗಳಲ್ಲಿ ಸುಮಾರು ಒಂದು ಲಕ್ಷಕ್ಕೆ 0 ಸಿಗುತ್ತದೆ. ಟೋಕನ್ ಸಮವಾದಾಗ ಪಲ್ಟಿ ನಡೆಯುವುದಿಲ್ಲ. ಹೆಸರುಗಳು ಸಾಲಾಗಿ ಬಂದರೆ ಆ ಒಂದು ಲಕ್ಷವೂ ಒಂದರ ಕೆಳಗೊಂದು ಸರಪಳಿಯಾಗಿ ನಿಲ್ಲುತ್ತವೆ. ಪ್ರೋಗ್ರಾಮು ಆಗಲೂ ಸರಿಯುತ್ತರವನ್ನೇ ಕೊಡುತ್ತಿರುತ್ತದೆ, ದೋಷ ಸುಲಭವಾಗಿ ಕಣ್ಣಿಗೆ ಬೀಳದಿರುವುದು ಇದರಿಂದಲೇ. ನೂರು ಹೆಸರಿನ ಪರೀಕ್ಷೆಯಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ, ನಿಜವಾದ ಬಳಕೆಯಲ್ಲಿ ತೆವಳುತ್ತದೆ.

ಗೂಗಲ್ ಹುಟ್ಟುಹಾಕಿದ ಗೋ ಭಾಷೆಯ ಒಡಲಲ್ಲಿ ಟ್ರೀಪ್ ಇದೆ. ಗೋ ಪ್ರೋಗ್ರಾಮಿನೊಳಗೆ ಒಂದೇ ಬೀಗಕ್ಕಾಗಿ ಹಲವು ಕೆಲಸಗಳು ಕಾಯುತ್ತಿರುತ್ತವೆ. ಯಾವ ಬೀಗದ ಮುಂದೆ ಯಾರು ಕಾಯುತ್ತಿದ್ದಾರೆ ಎಂಬುದನ್ನು ಬೇಗ ಹುಡುಕಲು ಬೀಗಗಳ ಮೆಮೊರಿ ವಿಳಾಸಗಳನ್ನು ಟ್ರೀಪ್‌ನಲ್ಲಿ ಇಟ್ಟಿದ್ದಾರೆ. ರ‍್ಯಾಂಡಮ್ ಸಂಖ್ಯೆಗೆ ಅಲ್ಲಿ ಇಟ್ಟ ಹೆಸರು `ticket`. ಅದು 32 ಬಿಟ್‌ಗಳ ಸಂಖ್ಯೆಯಾದ್ದರಿಂದ ಇಬ್ಬರಿಗೆ ಒಂದೇ ಟಿಕೆಟ್ ಸಿಗುವ ಸಂದರ್ಭ ವಿರಳ. ಆದರೆ ನಿಮ್ಮ ಆಂಡ್ರಾಯ್ಡ್ ಫೋನಿನ ಸಂಪರ್ಕ ಪಟ್ಟಿ ಟ್ರೀಪ್‌ನಲ್ಲಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಎಸ್‌ಕ್ಯುಲೈಟ್ ಎಂಬ ಡೇಟಾಬೇಸಿನಲ್ಲಿರುತ್ತದೆ, ಅದರೊಳಗಿನ ಮರ ಬಿ-ಟ್ರೀ. ಟ್ರೀಪ್‌ನಲ್ಲಿ ಒಂದು ಗಂಟಿಗೆ ಒಂದೇ ಹೆಸರು, ಬಿ-ಟ್ರೀಯಲ್ಲಿ ಒಂದೊಂದು ಗಂಟಿನಲ್ಲೂ ಹಲವಾರು. ಶೇಖರಣೆಯಿಂದ ಒಂದೇ ಸಲಕ್ಕೆ ಒಂದು ಪುಟದಷ್ಟು ಮಾಹಿತಿ ಎತ್ತಿಕೊಳ್ಳುವ ಡೇಟಾಬೇಸಿಗೆ ಅದೇ ಅನುಕೂಲ.

ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳು ಮನೆಯಲ್ಲಿದ್ದು ಟ್ರೀಪ್ ಬರೆದಿದ್ದರೆ, ಅದು ಸರಿಯಿದೆಯೇ ಎಂದು ನೋಡಲು ಉತ್ತರಗಳನ್ನು ಪರೀಕ್ಷಿಸಿದರೆ ಸಾಲದು. 1ರಿಂದ 10 ಲಕ್ಷದವರೆಗಿನ ಸಂಖ್ಯೆಗಳನ್ನು ಸಾಲಾಗಿ ಸೇರಿಸಿ ಮರದ ಎತ್ತರ ಮುದ್ರಿಸಲು ಹೇಳಿ. 50ರ ಹತ್ತಿರ ಬಂದರೆ ಸರಿ. ಸಾವಿರಗಳಲ್ಲಿ ಬಂದರೆ ಟೋಕನ್‌ಗಳು ಮತ್ತೆ ಮತ್ತೆ ಅವೇ ಬರುತ್ತಿವೆಯೇ ಎಂದು ಮೊದಲು ನೋಡಬೇಕು. ಸರಿಯಾಗಿ 10 ಲಕ್ಷವೇ ಬಂದರೆ ಪಲ್ಟಿ ಒಂದೂ ನಡೆದಿಲ್ಲ, ಎಲ್ಲರಿಗೂ ಒಂದೇ ಟೋಕನ್ ಹೋಗಿರಬಹುದು, ಇಲ್ಲವೇ ಸಂಖ್ಯೆಯನ್ನೇ ಟೋಕನ್ ಎಂದು ಕೊಟ್ಟಿರಬಹುದು.